ಅಳಿಯ ಬೋಲ್ಟ್

ನಮ್ಮಪ್ಪನಿಗೆ ಸಿಟ್ಟು ಬಂದರೆ ಮಾತು ನಿಲ್ಲಿಸುವುದಿಲ್ಲ, ಕೆಲಸ ನಿಲ್ಲಿಸುತ್ತಾನೆ. ಮಾತು ನಿಲ್ಲಿಸುವ ಪೈಕಿಯಾಗಿದ್ದರೆ ಮನೆಯಲ್ಲಿ ಎಷ್ಟೋ ನೆಮ್ಮದಿ ಇರುತ್ತಿತ್ತು. ಆ ವಾರವಿಡೀ ಅವನು ಒಂದು ಮೊಳೆಯನ್ನೂ ಮುಟ್ಟದೆ, ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಗೋಡೆಯನ್ನು ಬೈದುಕೊಂಡು ಕೂತಿದ್ದ. ಬೈಗುಳ ತಿನ್ನುತ್ತಿದ್ದ ಗೋಡೆ ನಮ್ಮ ಮನೆಯದಲ್ಲ, ನನ್ನ ಅಂಗಡಿಯದು.

ನನ್ನದು ಹೊಲಿಗೆ ಅಂಗಡಿ. ಮೊದಲು ಒಂದೇ ಹಜಾರವಾಗಿದ್ದ ಜಾಗವನ್ನು ಮಾಲೀಕರು ನಡುವೆ ಜಿಪ್ಸಮ್ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಈ ಕಡೆ ನಾನು, ಆ ಕಡೆ ಗಡಿಯಾರ ರಿಪೇರಿಯವರು. ನೋಡುವುದಕ್ಕೆ ಗೋಡೆ ಬೆಳ್ಳಗೆ, ನುಣ್ಣಗೆ, ಲಕ್ಷಣವಾಗಿತ್ತು. ತಟ್ಟಿದರೆ ಮಾತ್ರ ಖಾಲಿ ಡಬ್ಬದ ಸದ್ದು. ಒಳಗೆ ಅಲ್ಲೊಂದು ಇಲ್ಲೊಂದು ತಗಡಿನ ಕಂಬಿ, ಎರಡೂ ಬದಿಗೆ ಬಿಸ್ಕತ್ತಿನ ಹಾಗೆ ಒಂದೊಂದು ಹಲಗೆ, ನಡುವೆ ಬರೀ ಗಾಳಿ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ, ನಮ್ಮ ಗೋಡೆಗೆ ಕಿವಿಯ ಜೊತೆ ಬಾಯಿಯೂ ಇತ್ತು. ನಾನು ಈ ಕಡೆ ಗಿರಾಕಿಗೆ "ಬುಧವಾರ ಖಂಡಿತ ಕೊಡ್ತೀನಿ" ಅಂದರೆ, ಆ ಕಡೆಯಿಂದ ಗಡಿಯಾರದವರು "ಯಾವ ಬುಧವಾರ?" ಅನ್ನುತ್ತಿದ್ದರು.

ಅಪ್ಪ ಮರಗೆಲಸದವನು. ಮಂಡಿ ನೋವು ಶುರುವಾದ ಮೇಲೆ ಹೊರಗಿನ ಕೆಲಸ ಬಿಟ್ಟಿದ್ದ. ಮಗಳು ಅಂಗಡಿ ಇಡುತ್ತಾಳೆ ಅಂದ ಕೂಡಲೇ ಮಂಡಿಯೂ ಮರೆತುಹೋಯಿತು, ನೋವೂ ಮರೆತುಹೋಯಿತು. ತೆಳು ಪ್ಲೈವುಡ್ ತಂದು, ನೂಲಿನ ಉಂಡೆಗಳಿಗೆಂದೇ ಗೋಡೆಗೆ ನೇತು ಹಾಕುವ ಪೆಟ್ಟಿಗೆ ಮಾಡಿದ. ಎರಡು ಪುಟ್ಟ ಬಾಗಿಲು. ಒಳಗೆ ಸಾಲುಸಾಲಾಗಿ ಗೂಟಗಳು, ಒಂದೊಂದು ಗೂಟಕ್ಕೆ ಒಂದೊಂದು ಬಣ್ಣದ ನೂಲು. ಹಿಂದುಗಡೆ, ಮೇಲಂಚಿಗೆ ಅಡ್ಡಲಾಗಿ ಒಂದು ಮರದ ಪಟ್ಟಿ, ನೇತು ಹಾಕುವುದಕ್ಕೆ. ಪೆಟ್ಟಿಗೆ ಎಷ್ಟು ಹಗುರವೆಂದರೆ ನಾನೇ ಒಂದು ಕೈಯಲ್ಲಿ ಎತ್ತಬಲ್ಲೆ. ಎಷ್ಟು ಅಚ್ಚುಕಟ್ಟೆಂದರೆ ಬಾಗಿಲು ಮುಚ್ಚುವಾಗ ಸದ್ದೇ ಬರುವುದಿಲ್ಲ. ನನಗಂತೂ ಅದನ್ನು ನೋಡಿ ಕಣ್ಣು ತುಂಬಿ ಬಂದಿತ್ತು, ಅಪ್ಪನ ಮುಂದೆ ಮಾತ್ರ "ಹ್ಞೂ, ಪರವಾಗಿಲ್ಲ" ಅಂದಿದ್ದೆ. ಹೊಗಳಿದರೆ ಅವನು ಇನ್ನೊಂದು ಮಾಡಿಕೊಂಡು ಬರುತ್ತಾನೆ, ಇಡುವುದಕ್ಕೆ ಜಾಗವಿಲ್ಲ.

ನೇತು ಹಾಕುವಾಗ ಅಪ್ಪ ತನ್ನ ಹಳೆಯ ಮಂತ್ರ ಹೇಳಿದ್ದ: "ಮೊದ್ಲು ಗೋಡೆ, ಆಮೇಲೆ ಪೆಟ್ಟಿಗೆ." ಅಂದರೆ ಮೊದಲು ಗೋಡೆಯಲ್ಲಿ ಹಿಡಿತ ಗಟ್ಟಿ ಮಾಡಬೇಕು, ಪೆಟ್ಟಿಗೆಯ ಯೋಚನೆ ಆಮೇಲೆ. ತೂತು ಕೊರೆದು, ಮರದ ಬೆಣೆ ಕೆತ್ತಿ, ಸುತ್ತಿಗೆಯಿಂದ ಬಡಿದು, ಅದಕ್ಕೆ ಸ್ಕ್ರೂ ಬಿಗಿದ. ಇಟ್ಟಿಗೆ ಗೋಡೆಯಾಗಿದ್ದರೆ ಆ ಬೆಣೆ ನನ್ನ ಮೊಮ್ಮಕ್ಕಳ ಕಾಲದವರೆಗೂ ಅಲ್ಲಾಡುತ್ತಿರಲಿಲ್ಲ. ಇದು ಇಟ್ಟಿಗೆಯಲ್ಲವಲ್ಲ. ಬಡಿದಷ್ಟೂ ಒಳಗಿನ ಜಿಪ್ಸಮ್ ಪುಡಿಯಾಗಿದ್ದು ಯಾರಿಗೂ ಕಾಣಲಿಲ್ಲ. ಮಾರನೆಯ ದಿನ ನೂಲೆಲ್ಲ ಜೋಡಿಸಿ, ಒಬ್ಬ ಗಿರಾಕಿಯ ತೋಳಿನ ಅಳತೆ ತೆಗೆಯುತ್ತಿದ್ದೆ. ಹಿಂದಿನಿಂದ ಒಂದು ನಿಟ್ಟುಸಿರಿನಂಥ ಸದ್ದು ಬಂತು. ತಿರುಗಿ ನೋಡುವಷ್ಟರಲ್ಲಿ ಬೆಣೆಗಳೆರಡೂ ಬಿಳಿ ಪುಡಿಯ ಸಮೇತ ಕಿತ್ತುಬಂದು ಪೆಟ್ಟಿಗೆ ನನ್ನ ಬಟ್ಟೆಯ ರಾಶಿಯ ಮೇಲೆ ಕೂತಿತ್ತು. ಪುಣ್ಯಕ್ಕೆ ಪೆಟ್ಟಿಗೆಗೆ ಏನೂ ಆಗಲಿಲ್ಲ. ನೂಲಿನ ಉಂಡೆಗಳು ಮಾತ್ರ ಬಾಗಿಲು ದಾಟಿ, ಬೀದಿಗಿಳಿದು, ಎದುರಿನ ಔಷಧಿ ಅಂಗಡಿಯವರೆಗೂ ಹೋಗಿ ಬಂದವು.

ಅಪ್ಪ ಬಂದು ತೂತಿಗೆ ಬೆರಳು ಹಾಕಿ, ಬೆರಳಿಗಂಟಿದ ಪುಡಿ ನೋಡಿ, "ಇದು ಗೋಡೆ ಅಲ್ಲ, ಹಿಟ್ಟಿನ ಹಪ್ಪಳ" ಅಂದ. ಆಗ ಗೋಡೆಯ ಆ ಕಡೆಯಿಂದ ಗಡಿಯಾರದವರು, ತಮಾಷೆಗೇ ಇರಬೇಕು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಅಂದುಬಿಟ್ಟರು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ನಮ್ಮಲ್ಲಿ ಎರಡೂ ಒಂದೇ ಗೋಡೆಯಿಂದ ಬಂದವು. ಅಪ್ಪ ಮನೆಗೆ ಬಂದವನೇ ತನ್ನ ಸಾಮಾನಿನ ಪೆಟ್ಟಿಗೆಯನ್ನು ಎಳೆದು ಬಾಗಿಲ ಪಕ್ಕ ಇಟ್ಟ. ಉಳಿ, ಗರಗಸ, ಕೀಸುಳಿ, ರಸಮಟ್ಟ, ಅವನ ಇಡೀ ಜೀವನ ಅದರಲ್ಲಿತ್ತು. ತನ್ನ ಹಳೆಯ ಶಿಷ್ಯನಿಗೆ ಫೋನ್ ಮಾಡಿ, "ಭಾನುವಾರ ಸಂಜೆ ಬಂದು ಪೆಟ್ಟಿಗೆ ತಗೊಂಡು ಹೋಗಪ್ಪ. ಇನ್ನು ನಿಂಗೇ ಇರ್ಲಿ. ಒಂದು ಡಬ್ಬ ಗೋಡೆಗೆ ಹಾಕೋಕೆ ಬರ್ದೋನಿಗೆ ಇದೆಲ್ಲ ಯಾಕೆ" ಅಂದ. ಶಿಷ್ಯ ಈಗ ಸ್ವಂತ ಕೆಲಸಗಾರರನ್ನಿಟ್ಟುಕೊಂಡ ದೊಡ್ಡ ಮನುಷ್ಯ, ಆದರೂ ಗುರುವಿನ ಸಾಮಾನು ಅಂದರೆ ಅವನಿಗೂ ಆಸೆ.

ನನಗೆ ನಿಜವಾಗಿ ಹೆದರಿಕೆಯಾಯಿತು. ಅಮ್ಮ ಹೋದ ಮೇಲೆ ಅಪ್ಪನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಪೆಟ್ಟಿಗೆಯೇ. ಏನಾದರೊಂದು ಕೀಸಬೇಕು, ಏನಾದರೊಂದು ಜೋಡಿಸಬೇಕು. ಅದು ಮನೆ ಬಿಟ್ಟು ಹೋದರೆ ಅಪ್ಪ ಕುರ್ಚಿಯಲ್ಲಿ ಕೂತು ಮುದುಕನಾಗಿಬಿಡುತ್ತಾನೆ. "ಬೇಡಪ್ಪಾ" ಅಂದರೆ ಅವನು ಇನ್ನೂ ಹಟ ಹಿಡಿಯುತ್ತಾನೆಂದು ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಬಾಯಿಗೆ ಬೀಗ ಹಾಕುವುದು ಎಷ್ಟು ಕಷ್ಟ ಅನ್ನುವುದು ನನ್ನನ್ನು ಬಲ್ಲವರಿಗೇ ಗೊತ್ತು.

ಈಗ ನಮ್ಮವರ ವಿಷಯ. ನನ್ನ ಗಂಡನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಮೆತ್ತಗಿನ ಮನುಷ್ಯ, ಮೆತ್ತಗಿನ ಕೈ. ಮದುವೆಯಾದಾಗಿನಿಂದ ನಾವು ಅಪ್ಪನ ಮನೆಯಲ್ಲೇ ಇದ್ದೇವೆ, ಹಾಗಾಗಿ ಅವರು ಮನೆ ಅಳಿಯ. ಅಪ್ಪ ಅವರನ್ನು ಕರೆಯುವುದು "ಅಳಿಯಂದ್ರೇ" ಎಂದು, ಬಹುವಚನ ತಪ್ಪದೆ. ಕೇಳಿದವರಿಗೆ ಎಂಥ ಮರ್ಯಾದೆ ಅನ್ನಿಸಬೇಕು. ಒಳಗಿನ ಅರ್ಥ ನನಗೆ ಗೊತ್ತು. "ಅಳಿಯಂದ್ರೇ, ನೀವು ಕೂತ್ಕೊಳ್ಳಿ" ಅಂದರೆ "ನನ್ನ ಸಾಮಾನು ಮುಟ್ಟಬೇಡಿ" ಅಂತ. ಸುತ್ತಿಗೆ ಹಿಡಿಯಲು ಬಾರದವನು ಅಪ್ಪನ ಲೆಕ್ಕದಲ್ಲಿ ಅತಿಥಿ, ಮನೆಯವನಲ್ಲ.

ಭಾನುವಾರ ಬೆಳಿಗ್ಗೆ ನಮ್ಮವರು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕಾಗದದಲ್ಲಿ ಸುತ್ತಿದ ನಾಲ್ಕು ಬೋಲ್ಟ್ ತಂದು ಅಪ್ಪನ ಮುಂದೆ ಮೇಜಿನ ಮೇಲಿಟ್ಟರು.

"ಮಾವ, ಪೊಳ್ಳು ಗೋಡೆಗೆ ಇದೇ ಸರಿಯಂತೆ. ಟಾಗಲ್ ಬೋಲ್ಟ್ ಅಂತಾರೆ."

ಅಪ್ಪ ಮುಟ್ಟಲಿಲ್ಲ, ಕಣ್ಣು ಮಾತ್ರ ಹಾಯಿಸಿದ. ಉದ್ದನೆಯ ಬೋಲ್ಟ್, ಅದರ ತುದಿಗೆ ನಟ್ಟಿನ ಬದಲು ಎರಡು ಕಬ್ಬಿಣದ ರೆಕ್ಕೆ. ರೆಕ್ಕೆಗಳ ನಡುವೆ ಸ್ಪ್ರಿಂಗು. ನಮ್ಮವರು ರೆಕ್ಕೆಗಳನ್ನು ಬೋಲ್ಟಿನ ಉದ್ದಕ್ಕೆ ಮಡಚಿ ತೋರಿಸಿದರು, ಬೆರಳು ಬಿಟ್ಟ ಕೂಡಲೇ ಟಕ್ಕೆಂದು ಬಿಚ್ಚಿಕೊಂಡವು.

"ಹೀಗೆ ಮಡಚಿ ತೂತಿನೊಳಗೆ ತೂರಿಸೋದು. ಒಳಗೆ ಹೋದ ಮೇಲೆ ತಾನೇ ಬಿಚ್ಕೊಳ್ಳುತ್ತೆ. ಆಮೇಲೆ ಎಳೆದು ತಿರುಗಿಸಿದ್ರೆ ರೆಕ್ಕೆ ಹಲಗೆಯ ಬೆನ್ನಿಗೆ ಅಂಟ್ಕೊಂಡು ಕೂರುತ್ತೆ. ಭಾರ ತೂತಿನ ಮೇಲೆ ಬೀಳಲ್ಲ, ಅಷ್ಟಗಲಕ್ಕೆ ಹಂಚಿಹೋಗುತ್ತೆ. ಅಂಗಡಿಯವರು ಮೂರೇ ಮಾತು ಹೇಳಿದ್ರು, ಮಡಚಿ, ತೂರಿಸಿ, ಎಳೆದು ತಿರುಗಿಸಿ ಅಂತ."

ಅಪ್ಪ ಒಂದು ಬೋಲ್ಟನ್ನು ಕೈಗೆತ್ತಿಕೊಂಡ. ರೆಕ್ಕೆ ಮಡಚಿದ, ಬಿಟ್ಟ. ಮತ್ತೆ ಮಡಚಿದ, ಬಿಟ್ಟ. ವಾರದಲ್ಲಿ ಮೊದಲ ಸಲ ಅವನ ಮೀಸೆಯ ಕೆಳಗೆ ಏನೋ ಅಲುಗಾಡಿತು.

"ಬರೋವಾಗ ಎರಡೂ ಕೈ ಮುಗಿದುಕೊಂಡು, ವಿನಯವಾಗಿ ಒಳಗೆ ಬರ್ತಾನೆ. ಒಳಗೆ ಬಂದ ಮೇಲೆ ಕೈ ಅಗಲ ಮಾಡ್ಕೊಂಡು ಕೂತ್ಬಿಡ್ತಾನೆ. ಎಳೆದ್ರೂ ಆಚೆ ಬರಲ್ಲ. ಇದಕ್ಕೆ ಟಾಗಲ್ ಅಂತ ಯಾರಿಟ್ಟಿದ್ದು ಹೆಸರು? ಇದು ಅಳಿಯ ಬೋಲ್ಟು."

ನನ್ನ ಮೈ ಉರಿಯಿತು. ನಮ್ಮವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಆ ಗುಣಕ್ಕೇ ನಾನು ಅವರನ್ನು ಮೆಚ್ಚಿದ್ದು, ಆ ಗುಣಕ್ಕೇ ಎಷ್ಟೋ ಸಲ ಸಿಡುಕಿದ್ದು.

"ಅಪ್ಪಾ, ನೀನು ಕೈ ಹಚ್ಚಬೇಡ. ಸುಮ್ನೆ ಬಂದು ಕೂತ್ಕೊಂಡು ನೋಡು, ಅವರು ಮಾಡ್ತಾರೆ" ಅಂದೆ.

"ನೋಡೋಕೇನು, ಬರ್ತೀನಿ. ನನ್ನ ಸಾಮಾನೂ ತಗೊಳ್ಳಿ. ಸಂಜೆವರೆಗೂ ಅದು ನಂದೇ. ಶಿಷ್ಯ ಅಲ್ಲಿಗೇ ಬರ್ಲಿ."

ಅಂಗಡಿಗೆ ಹೋಗಿ ಷಟರ್ ಎತ್ತಿದೆವು. ಪೆಟ್ಟಿಗೆ ಬರಬೇಕಾದ್ದು ಹೊಲಿಗೆ ಮೆಷಿನ್ನಿನ ಮೇಲೆ, ಕೂತಲ್ಲಿಂದಲೇ ನನ್ನ ಕೈಗೆಟುಕುವ ಹಾಗೆ. ಒಳಗಿನ ಕಂಬಿ ಎಲ್ಲಿದೆಯೆಂದು ಮೊದಲು ತಿಳಿಯಬೇಕಿತ್ತು. ಕಂಬಿಯಿದ್ದ ಕಡೆ ತೂತು ಕೊರೆದರೆ ರೆಕ್ಕೆ ಬಿಚ್ಚಿಕೊಳ್ಳಲು ಜಾಗವಿರುವುದಿಲ್ಲ. ನಮ್ಮವರು ರೋಗಿಯ ಎದೆ ತಟ್ಟುವ ಡಾಕ್ಟರ ಹಾಗೆ ಗೋಡೆಯುದ್ದಕ್ಕೂ ತಟ್ಟುತ್ತ ಹೋದರು, "ಇಲ್ಲಿ ಸ್ವಲ್ಪ ಗಟ್ಟಿ... ಅಲ್ಲ, ಪೊಳ್ಳು... ಅಲ್ಲ, ಗಟ್ಟಿ..." ಅನ್ನುತ್ತ. ನನಗೆ ತಾಳ್ಮೆ ಸಾಲಲಿಲ್ಲ. ಗುಂಡುಸೂಜಿ ಹೆಕ್ಕುವ ಅಯಸ್ಕಾಂತಕ್ಕೆ ದಾರ ಕಟ್ಟಿ ಗೋಡೆಯ ಮೇಲೆ ಮೆಲ್ಲಗೆ ಆಡಿಸಿದೆ. ಹಲಗೆಯನ್ನು ಕಂಬಿಗೆ ಬಿಗಿದ ಸ್ಕ್ರೂಗಳಿರುವ ಕಡೆ ಅದು ಚಕ್ಕನೆ ಅಂಟಿಕೊಂಡಿತು. ಒಂದು ಕಂಬಿ ಬಾಗಿಲ ಹತ್ತಿರ, ಇನ್ನೊಂದು ಕಿಟಕಿಯ ಹತ್ತಿರ. ನನ್ನ ಮೆಷಿನ್ನಿನ ಮೇಲೆ ಬರೀ ಪೊಳ್ಳು. ಗಡಿಯಾರದವರನ್ನು ಕೂಗಿ ಕೇಳಿದೆ, "ನಿಮ್ಮ ಕಡೆ ಈ ಗೋಡೆಯಲ್ಲಿ ವೈರ್ ಏನಾದ್ರೂ ಹೋಗಿದೆಯಾ?" "ಇಲ್ಲಮ್ಮ, ಸ್ವಿಚ್ಚೆಲ್ಲ ಆ ಬದಿ. ಆದ್ರೆ ನನ್ನ ಗಡಿಯಾರಗಳು ಇದಕ್ಕೆ ನೇತಾಡ್ತಿವೆ. ಈ ಹಲಗೆ ದಾಟಿ ಆ ಹಲಗೆಗೆ ಬರಬೇಡಿ" ಅಂದರು.

ಹಳೆಯ ತೂತುಗಳಿಂದ ಒಂದು ಗೇಣು ಮೇಲೆ ಗುರುತು ಹಾಕಿ ನಮ್ಮವರು ಡ್ರಿಲ್ ಹಿಡಿದರು. ಅಭ್ಯಾಸಬಲ, ಗೋಡೆಗೇ "ಸ್ವಲ್ಪ ಚುರುಕ್ ಅನ್ನುತ್ತೆ ಅಷ್ಟೇ" ಅಂದರು. ರೆಕ್ಕೆ ಮಡಚಿದಾಗ ದಪ್ಪವಾಗುತ್ತದಲ್ಲ, ಅದು ಹಿಡಿಸುವಷ್ಟು ದೊಡ್ಡ ತೂತೇ ಬೇಕು. ನನ್ನ ಕಿರುಬೆರಳು ಸಲೀಸಾಗಿ ಹೋಗುವಂಥ ತೂತು ನೋಡಿ ಅಪ್ಪ ಕುರ್ಚಿಯಿಂದ ಅರ್ಧ ಎದ್ದ.

"ಬೋಲ್ಟು ಪೆನ್ಸಿಲ್ಲಿಗಿಂತ ಸಣ್ಣ, ತೂತು ಇಲಿ ಹೋಗೋಷ್ಟು! ಅಳಿಯಂದ್ರೇ, ಇಲಿಗೆ ಮನೆ ಬಾಗಿಲು ಮಾಡ್ತಿದ್ದೀರಾ?"

"ತೂತು ಹಿಡಿಯಲ್ಲ ಮಾವ, ರೆಕ್ಕೆ ಹಿಡಿಯುತ್ತೆ" ಅಂದರು ನಮ್ಮವರು. ಎರಡು ತೂತೂ ಕೊರೆದು ಮುಗಿಸಿ, ಭಕ್ತಿಯಿಂದ ಅಪ್ಪನ ಕಡೆ ತಿರುಗಿದರು. "ಮೊದ್ಲು ಗೋಡೆ, ಆಮೇಲೆ ಪೆಟ್ಟಿಗೆ. ಅಲ್ವಾ ಮಾವ?"

"ಮತ್ತಿನ್ನೇನು?" ಅಂದ ಅಪ್ಪ. ತನ್ನ ಮಂತ್ರ ಅಳಿಯನ ಬಾಯಲ್ಲಿ ಬಂದದ್ದಕ್ಕೆ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಎಡವಟ್ಟಿನ ಬೀಜ ಬಿದ್ದದ್ದು ಅಲ್ಲೇ.

ನಮ್ಮವರು ರೆಕ್ಕೆ ಮಡಚಿ ಒಂದು ಬೋಲ್ಟನ್ನು ತೂತಿಗೆ ತೂರಿಸಿದರು. ಗೋಡೆಯೊಳಗೆ ಟಕ್ಕೆಂದು ಬಿಚ್ಚಿಕೊಂಡ ಸದ್ದು. ತಲೆಯ ಕೆಳಗೆ ಅಗಲ ವಾಷರ್ ಕೊಟ್ಟು, ಎಳೆದು ಹಿಡಿದು, ತಿರುಗಿಸಿ ಬಿಗಿದರು. ಅಪ್ಪ ಎದ್ದು ಬಂದು ಅದನ್ನು ಹಿಡಿದು ಎಳೆದ. ಅಲ್ಲಾಡಲಿಲ್ಲ. ಇನ್ನೊಂದು ಸಲ ಎಳೆದ. ಜಪ್ಪಯ್ಯ ಅನ್ನಲಿಲ್ಲ.

"ಭಲೇ! ಹಿಡಿದಿದೆ ಕಣ್ರೀ. ತನ್ನಿ ಪೆಟ್ಟಿಗೆ."

ನಮ್ಮವರು ಪೆಟ್ಟಿಗೆ ತಂದರು, ಗೋಡೆಯ ಮುಂದೆ ಹಿಡಿದರು. ಮೂವರೂ ಗೋಡೆ ನೋಡಿದೆವು, ಪೆಟ್ಟಿಗೆ ನೋಡಿದೆವು. ಪೆಟ್ಟಿಗೆಯ ಹಿಂದಿನ ಪಟ್ಟಿಯಲ್ಲಿದ್ದದ್ದು ಬೋಲ್ಟು ಹೋಗುವಷ್ಟೇ ತೂತು. ಬೋಲ್ಟಿನ ದಪ್ಪ ತಲೆ ಹೊರಗಡೆ ಕೂತಿತ್ತು. ಅದರ ಮೇಲಿಂದ ಪೆಟ್ಟಿಗೆ ಹಾಕುವುದು ಹೇಗೆ?

"ಏನ್ಮಹಾ" ಅಂದ ಅಪ್ಪ. "ಹಿಡಿತ ಒಳಗೆ ಕೂತಾಯ್ತಲ್ಲ. ಬೋಲ್ಟು ಬಿಚ್ಚಿ, ಪಟ್ಟಿಯಿಂದ ತೂರಿಸಿ ಮತ್ತೆ ಬಿಗಿದ್ರಾಯ್ತು."

ಬೆಣೆ ಹೊಡೆದು ರೂಢಿಯಾದವನ ಮಾತು ಅದು. ಬೆಣೆ ಗೋಡೆಯಲ್ಲೇ ಉಳಿಯುತ್ತದೆ, ಸ್ಕ್ರೂ ಮಾತ್ರ ಬಿಚ್ಚಿ ಬರುತ್ತದೆ. ನಮ್ಮವರು ಬಿಚ್ಚತೊಡಗಿದರು. ಬೋಲ್ಟು ಪೂರ್ತಿ ಕೈಗೆ ಬಂತು. ಜೊತೆಗೇ ಗೋಡೆಯೊಳಗೆ ಏನೋ ಸರ್ರೆಂದು ಜಾರಿ, ಎಲ್ಲೋ ಕೆಳಗೆ ಟಣ್ ಅಂದಿತು.

ನಮ್ಮವರ ಕೈಯಲ್ಲಿ ರೆಕ್ಕೆಯಿಲ್ಲದ ಬೋಲ್ಟು.

"ಏನ್ರೀ ಅದು? ನನ್ನ ಗೋಡೆಯೊಳಗೆ ಏನೋ ಬಿತ್ತು!" ಗಡಿಯಾರದವರ ದನಿ.

"ಅಳಿಯ ಬಿದ್ದ!" ಅಂದೆ ನಾನು.

ಅಪ್ಪನಿಗೆ ಸಿಟ್ಟು. "ಅಳಿಯಂದ್ರೇ, ನೀವು ಗಡಿಬಿಡಿ ಮಾಡಿದ್ರಿ. ನೀವು ಕೂತ್ಕೊಳ್ಳಿ. ಅದನ್ನ ನಾಜೂಕಾಗಿ ಬಿಚ್ಚಬೇಕು." ಬರೀ ನೋಡಲು ಬಂದವನು ಸ್ಕ್ರೂಡ್ರೈವರ್ ಕಿತ್ತುಕೊಂಡಿದ್ದ. ಎರಡನೆಯ ಬೋಲ್ಟನ್ನು ಇನ್ನೊಂದು ತೂತಿಗೆ ತಾನೇ ತೂರಿಸಿ, ಬಿಗಿದು, ನಾಲಿಗೆ ಕಚ್ಚಿಕೊಂಡು, ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವ ಹಾಗೆ ಮೆಲ್ಲಮೆಲ್ಲಗೆ ಬಿಚ್ಚಿದ. ಎಷ್ಟು ನಾಜೂಕಾಗಿ ಬಿಚ್ಚಿದರೇನು, ರೆಕ್ಕೆಗಿದ್ದ ಆಧಾರವೇ ಆ ಬೋಲ್ಟು. ಸರ್ರ್. ಟಣ್.

"ಎರಡಾಯ್ತು!" ಅಂದರು ಗಡಿಯಾರದವರು.

ನಾನು ನಗು ತಡೆಯಲಾರದೆ ಬಟ್ಟೆಯ ರಾಶಿಯಲ್ಲಿ ಮುಖ ಮುಚ್ಚಿಕೊಂಡೆ. ನಮ್ಮವರು ಛಾವಣಿ ನೋಡುತ್ತಿದ್ದರು. ಅಪ್ಪನ ಮುಖ ಕೆಂಪಾಗಿ, ಆಮೇಲೆ ಬಣ್ಣವೇ ಇಳಿದುಹೋಯಿತು. ಅವನು ಮೆಲ್ಲಗೆ ಸ್ಕ್ರೂಡ್ರೈವರನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ.

"ಸಾಕು ಬಿಡಿ. ಇರೋದು ಇನ್ನೆರಡೇ. ಹಾರ್ಡ್‌ವೇರ್ ಅಂಗಡಿ ಬೇರೆ ಭಾನುವಾರ ಮಧ್ಯಾಹ್ನಕ್ಕೇ ಮುಚ್ತಾರೆ. ಅದನ್ನೂ ಯಾಕೆ ಗೋಡೆಗೆ ತಿನ್ನಿಸೋದು? ನನ್ನ ಕಾಲದ ಗೋಡೆಯಲ್ಲ ಇದು. ಶಿಷ್ಯ ಬಂದು ಏನಾದ್ರೂ ಮಾಡ್ತಾನೆ."

ನನ್ನ ನಗು ಅಲ್ಲಿಗೇ ಸತ್ತುಹೋಯಿತು. ಬೈದಿದ್ದರೆ ಸಹಿಸಬಹುದಿತ್ತು, ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸಂಜೆ ಶಿಷ್ಯ ಬಂದರೆ ಸಾಮಾನಿನ ಪೆಟ್ಟಿಗೆ ಹೋದ ಹಾಗೇ. ಒಂದು ಕೋಟು ತೆಗೆದುಕೊಂಡು ಗುಂಡಿ ಹೊಲಿಯಲು ಕೂತೆ. ನನಗೆ ಸಂಕಟವಾದರೆ ಕೈ ಏನಾದರೂ ಮಾಡುತ್ತಿರಬೇಕು, ಅದು ಅಪ್ಪನಿಂದಲೇ ಬಂದದ್ದು. ಅವರಿಬ್ಬರೂ ಎರಡು ಮೂಲೆಯಲ್ಲಿ ಕೂತಿದ್ದರು. ನೋಡನೋಡುತ್ತ ನನ್ನ ಸಂಕಟ ಸಿಡುಕಾಗಿ ತಿರುಗಿತು.

"ಇಬ್ಬರೂ ಸೇರಿ ಮಾಡಿದ್ದು ಎಂಥ ಕೆಲಸ ನೋಡಿ! ಯಾರಾದ್ರೂ ಮೊದ್ಲು ಗುಂಡೀನ ಕಾಜಾಕ್ಕೆ ತೂರಿಸಿ, ಆಮೇಲೆ ಅಂಗಿಗೆ ಹೊಲೀತಾರಾ?"

ಬೈಯುವುದಕ್ಕೆಂದು ಅಂದ ಮಾತು. ಅಪ್ಪ ತಲೆ ಎತ್ತಿದ.

"ಏನಂದೆ?"

"ಗುಂಡಿ ಮೊದ್ಲು ಅಂಗಿಯಲ್ಲಿ ಗಟ್ಟಿಯಾಗಿರಬೇಕು, ಆಮೇಲೆ ಕಾಜಾ ದಾಟಬೇಕು ಅಂದೆ."

ಅಪ್ಪ ಎದ್ದುಬಂದು ನನ್ನ ಕೈಯ ಕೋಟನ್ನು ಇಸಿದುಕೊಂಡ. ಗುಂಡಿಯನ್ನು ಓರೆ ಮಾಡಿ ಕಾಜಾಕ್ಕೆ ತೂರಿಸಿದ. ಆಚೆ ಬಂದ ಗುಂಡಿ ನೆಟ್ಟಗಾಗಿ ಅಡ್ಡ ಕೂತಿತು. ಗೋಡೆಯ ತೂತು ನೋಡಿದ. ಪೆಟ್ಟಿಗೆ ನೋಡಿದ.

"ಪೆಟ್ಟಿಗೆ ಅಂಗಿ. ರೆಕ್ಕೆ ಗುಂಡಿ. ಗೋಡೆ ಕಾಜಾ" ಅಂದ. ಆಮೇಲೆ ತನ್ನ ಹಣೆಗೆ ತಾನೇ ಒಂದು ಹೊಡೆದುಕೊಂಡ. "ಮೊದ್ಲು ಪೆಟ್ಟಿಗೆ, ಆಮೇಲೆ ಗೋಡೆ! ಜೀವಮಾನವೆಲ್ಲ ತಿರುಗಾಮುರುಗಾ ಹೇಳ್ಕೊಂಡು ಬಂದೆನಲ್ಲೇ!"

"ಇಟ್ಟಿಗೆ ಗೋಡೆಗೆ ನೀವು ಹೇಳಿದ್ದೇ ಸರಿ ಮಾವ" ಅಂದರು ನಮ್ಮವರು.

"ಅದಿರ್ಲಿ, ಬನ್ನಿ ಇಲ್ಲಿ."

ಸಾಮಾನಿನ ಪೆಟ್ಟಿಗೆಯ ಮುಚ್ಚಳ ಮತ್ತೆ ತೆರೆಯಿತು. ಅಪ್ಪ ಉಳಿದ ಎರಡು ಬೋಲ್ಟುಗಳ ರೆಕ್ಕೆ ಕಳಚಿಟ್ಟ. ಬೋಲ್ಟಿಗೆ ವಾಷರ್ ಹಾಕಿ, ಪೆಟ್ಟಿಗೆಯ ಒಳಗಿನಿಂದ ಪಟ್ಟಿಯ ತೂತಿನ ಮೂಲಕ ಹಿಂದಕ್ಕೆ ತೂರಿಸಿದ. ಹಿಂದೆ ಇಣುಕಿದ ತುದಿಗೆ ರೆಕ್ಕೆಯನ್ನು ಕೆಲವೇ ಸುತ್ತು ಹತ್ತಿಸಿದ, ಮಡಚಿದಾಗ ತುದಿಗಳು ಪೆಟ್ಟಿಗೆಯ ಕಡೆ ವಾಲುವ ಹಾಗೆ. ಈಗ ಪೆಟ್ಟಿಗೆಯ ಬೆನ್ನಿಗೆ ಎರಡು ಚಿಟ್ಟೆ ಕೂತ ಹಾಗಿತ್ತು.

ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಮ್ಮವರು ಸ್ಟೂಲ್ ಹತ್ತಿ ಪೆಟ್ಟಿಗೆಯನ್ನು ಗೋಡೆಯ ಹತ್ತಿರ, ಒಂದಿಷ್ಟು ಸಂದು ಬಿಟ್ಟು ಹಿಡಿದುಕೊಂಡರು. ಎಡಗಡೆಯ ರೆಕ್ಕೆ ಅಪ್ಪನ ಬೆರಳಲ್ಲಿ, ಬಲಗಡೆಯದು ನನ್ನ ಬೆರಳಲ್ಲಿ. ಆ ಸ್ಪ್ರಿಂಗಿನ ಕೊಬ್ಬು ಅಷ್ಟಿಷ್ಟಲ್ಲ, ಮಡಚಿ ಹಿಡಿದರೆ ಬೆರಳನ್ನೇ ಕಚ್ಚುತ್ತದೆ. ನಮ್ಮವರ ಬೆವರಿದ ಕೈಯಿಂದ ಪೆಟ್ಟಿಗೆ ಮೆಲ್ಲಗೆ ಜಾರತೊಡಗಿತು.

"ಬಿಡಬೇಡ್ವೋ! ಹಿಡ್ಕೊಳೋ, ಗಟ್ಟಿಯಾಗಿ ಹಿಡ್ಕೊಳೋ!" ಅಪ್ಪ ಕಿರುಚಿದ.

ನಮ್ಮವರು ಒಂದು ಕ್ಷಣ ಅಪ್ಪನನ್ನೇ ನೋಡಿದರು. ಮದುವೆಯಾದಂದಿನಿಂದ ಅವರು ಅಪ್ಪನ ಬಾಯಲ್ಲಿ ಕೇಳಿದ ಮೊದಲ ಏಕವಚನ ಅದು. ಮುಖವಿಡೀ ಹಲ್ಲಾಗಿ, ಭುಜ ಕೊಟ್ಟು ಪೆಟ್ಟಿಗೆಯನ್ನು ಎತ್ತಿ ಹಿಡಿದರು. ಆಮೇಲೆ ಅದು ಒಂದು ಕೂದಲೆಳೆಯಷ್ಟೂ ಜಾರಲಿಲ್ಲ.

"ಈಗ ತಳ್ಳು, ಮೆತ್ತಗೆ."

ಮಡಚಿದ ರೆಕ್ಕೆಗಳು ತೂತು ಹೊಕ್ಕವು. ನಾನು ಬೆರಳು ತೆಗೆದೆ. ಟಕ್. ಅಪ್ಪ ತೆಗೆದ. ಟಕ್. ಮೂವರೂ ಉಸಿರು ಬಿಟ್ಟೆವು.

ಇನ್ನು ಬಿಗಿಯುವುದು. ಅಪ್ಪ ಪೆಟ್ಟಿಗೆಯ ಬಾಗಿಲು ತೆಗೆದು ಒಳಗಿನಿಂದ ತಿರುಗಿಸತೊಡಗಿದ. ಎಷ್ಟು ತಿರುಗಿಸಿದರೂ ಬೋಲ್ಟು ತಿರುಗುತ್ತಲೇ ಇತ್ತು, ಬಿಗಿಯಾಗಲಿಲ್ಲ. ನೋಡಿದರೆ, ನಮ್ಮವರು ಬೀಳುತ್ತದೋ ಏನೋ ಎಂಬ ಭಯಕ್ಕೆ ಪೆಟ್ಟಿಗೆಯನ್ನು ಗೋಡೆಗೆ ಅವುಚಿ ಒತ್ತಿ ಹಿಡಿದಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಒಳಗೆ ರೆಕ್ಕೆ ಯಾವುದಕ್ಕೂ ತಾಗದೆ ಬೋಲ್ಟಿನ ಜೊತೆ ತಾನೂ ಗಿರಗಿರ ಸುತ್ತುತ್ತಿತ್ತು.

"ಅಂಗಡಿಯವನು ಏನಂದ? ಬರೀ ತಿರುಗಿಸಿ ಅಂದ್ನಾ, ಎಳೆದು ತಿರುಗಿಸಿ ಅಂದ್ನಾ?" ಅಪ್ಪ ಕೇಳಿದ.

"ಎಳೆದು ತಿರುಗಿಸಿ."

"ಹಾಗಾದ್ರೆ ನಿನ್ನ ಕಡೆಗೆ ಎಳ್ಕೊಳೋ ಮಾರಾಯ! ಎಳೆದ್ರೆ ರೆಕ್ಕೆ ಹಲಗೆಯ ಬೆನ್ನಿಗೆ ತಾಗುತ್ತೆ, ಆಗ ಸುತ್ತಲ್ಲ."

ಎಳೆದುಕೊಂಡರು. ಬೋಲ್ಟು ಕಚ್ಚಿತು. ಎರಡೂ ಅರ್ಧ ಬಿಗಿಯಾದ ಮೇಲೆ ಅಪ್ಪ ಪೆಟ್ಟಿಗೆಯ ನೆತ್ತಿಗೆ ರಸಮಟ್ಟ ಇಟ್ಟ. ಒಳಗಿನ ಗುಳ್ಳೆ ಒಂದು ಪಕ್ಕಕ್ಕೆ ಸರಿದಿತ್ತು. ತೂತು ದೊಡ್ಡದಿದ್ದದ್ದು ಈಗ ಉಪಕಾರಕ್ಕೆ ಬಂತು. ಬಲಗಡೆ ಒಂದಿಷ್ಟು ಎತ್ತಿದಾಗ ಬೋಲ್ಟು ತೂತಿನಲ್ಲೇ ಸರಿದು ಗುಳ್ಳೆ ನಡುಮಧ್ಯಕ್ಕೆ ಬಂತು.

"ಇಲಿ ಬಾಗಿಲು ಒಳ್ಳೇದೇ ಆಯ್ತು ನೋಡು" ಅಂದ ಅಪ್ಪ. ಆಮೇಲೆ ಉಳಿದದ್ದನ್ನು ಕೈಯಿಂದಲೇ, ಹದ ನೋಡಿಕೊಂಡು ಬಿಗಿದ. ನಮ್ಮವರು "ಇನ್ನೊಂದು ಸುತ್ತು?" ಅಂದರೆ ತಲೆಯಾಡಿಸಿದ. "ಬೇಡ. ಕಚ್ಚಿದ ಮೇಲೆ ಸಾಕು. ಜಾಸ್ತಿ ಬಿಗಿದ್ರೆ ರೆಕ್ಕೆಯೇ ಹಲಗೆನ ಹಿಟ್ಟು ಮಾಡಿಬಿಡುತ್ತೆ. ಬಿಗಿ ಇರ್ಬೇಕು, ಉಸಿರು ಕಟ್ಟಬಾರ್ದು."

ನಮ್ಮವರು ಕೈ ಬಿಟ್ಟರು. ಪೆಟ್ಟಿಗೆ ಗೋಡೆಯಲ್ಲಿ ನಿಂತಿತು. ನಾನು ನೂಲು ಜೋಡಿಸುತ್ತಿದ್ದಂತೆ ಅಪ್ಪ ಬೋಲ್ಟಿನ ಪಕ್ಕ ಕಿವಿಯಿಟ್ಟು ಕೂತಿದ್ದ. ಬಿಳಿ, ಕರಿ, ಕೆಂಪು, ಹಸಿರು, ಎಲ್ಲ ಗೂಟ ತುಂಬಿದವು. ಪುಡಿ ಉದುರಲಿಲ್ಲ, ನಿಟ್ಟುಸಿರು ಬರಲಿಲ್ಲ. ನಾನು ದೊಡ್ಡ ಕತ್ತರಿಯನ್ನೂ ಇಡಹೋದೆ, ಅಪ್ಪ ಕೈಗೊಂದು ಕೊಟ್ಟ. "ನೂಲಿನ ಪೆಟ್ಟಿಗೆಗೆ ನೂಲೇ ಇಡು. ಇವತ್ತು ಕತ್ತರಿ ಅಂತೀಯ, ನಾಳೆ ಇಸ್ತ್ರಿಪೆಟ್ಟಿಗೆ ತರ್ತೀಯ. ಪಾಪ, ಅಳಿಯ ಅಂತ ಎಷ್ಟು ಹೊರಿಸ್ತೀಯ?"

ಗಡಿಯಾರದವರು ಬಾಗಿಲಿಗೇ ಬಂದು ನೋಡಿದರು. "ನೆಲ ಡೊಂಕಿಲ್ಲ ಬಿಡಿ" ಅಂದರು. ಅಪ್ಪ ಅವರಿಗೆ ಚಹಾ ತರಿಸಿದ. ಕ್ಷಮೆ ಕೇಳುವುದು, ಕ್ಷಮಿಸುವುದು ಎರಡೂ ಆ ಒಂದು ಲೋಟದಲ್ಲೇ ಮುಗಿದವು.

ಸಂಜೆ ಶಿಷ್ಯ ಬಂದ. ಹೊರೆಯೆತ್ತಲು ಗಾಡಿಯನ್ನೂ ತಂದಿದ್ದ. ನಾನು ಹೊಲಿಗೆ ನಿಲ್ಲಿಸಿದೆ. ಅಪ್ಪ ಸಾಮಾನಿನ ಪೆಟ್ಟಿಗೆಯ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದ.

"ಪೆಟ್ಟಿಗೆ ತಗೊಂಡು ಹೋಗು ಅಂದಿದ್ರಲ್ಲ ಮೇಸ್ತ್ರಿ?"

ಅಪ್ಪ ಏನೂ ನೆನಪಿಲ್ಲದವನ ಹಾಗೆ ಗೋಡೆಯ ಕಡೆ ಕೈ ತೋರಿಸಿದ. "ಅದಾ? ಎಳೆದು ನೋಡು. ಬಂದ್ರೆ ತಗೊಂಡು ಹೋಗು."

ಶಿಷ್ಯ ಜಾಣ. ಅಪ್ಪ ಕೂತಿದ್ದ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ನಕ್ಕು, ಗೋಡೆಯ ಪೆಟ್ಟಿಗೆಯ ಹತ್ತಿರ ಹೋದ. ಮೆಲ್ಲಗೆ ಅಲ್ಲಾಡಿಸಿ ನೋಡಿದ. ಗೋಡೆ ತಟ್ಟಿದ, ಖಾಲಿ ಡಬ್ಬದ ಸದ್ದು ಬಂತು. "ಒಳಗೆ ಏನೂ ಇಲ್ಲ, ಬರೀ ಪೊಳ್ಳು. ಇದರಲ್ಲಿ ಪೆಟ್ಟಿಗೆ ಹೇಗೆ ನಿಲ್ತು ಮೇಸ್ತ್ರಿ? ಯಾರು ಹಿಡ್ಕೊಂಡಿರೋದು ಇದನ್ನ?"

ಅಪ್ಪ ಚಹಾದ ಲೋಟ ಕೆಳಗಿಟ್ಟ. ನೆಲಕ್ಕೆ ಬಿದ್ದ ಬಿಳಿ ಪುಡಿ ಗುಡಿಸುತ್ತಿದ್ದ ನಮ್ಮವರ ಕಡೆ ಒಮ್ಮೆ ನೋಡಿದ.

"ನಮ್ಮ ಅಳಿಯ ಹಿಡ್ಕೊಂಡಿದ್ದಾನೆ" ಅಂದ.